ಮುಂಗೈ ಮೇಲಿನ ನೇರಳೆ ಕಲೆ

ಎಪ್ಪತ್ತು ದಾಟಿದವರೊಬ್ಬರ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಮೊಣಕೈಯಿಂದ ಮಣಿಕಟ್ಟಿನವರೆಗಿನ ಹೊರಭಾಗದ ಚರ್ಮ ಕಾಗದದಷ್ಟು ತೆಳ್ಳಗಾಗಿರುತ್ತದೆ. ಎರಡು ಬೆರಳಲ್ಲಿ ಹಿಡಿದೆತ್ತಿದರೆ ಸಣ್ಣ ಸಣ್ಣ ನಿರಿಗೆ ಬಿದ್ದು ತುಸು ಹೊತ್ತು ಹಾಗೇ ನಿಲ್ಲುತ್ತದೆ. ಅಲ್ಲಲ್ಲಿ ಕಡುನೇರಳೆ ಕಲೆಗಳು, ಅವುಗಳ ನಡುವೆ ಎಂದೂ ಗಾಯವೇ ಆಗದ ಜಾಗದಲ್ಲೂ ನಕ್ಷತ್ರದಾಕಾರದ ಬಿಳಿ ಗುರುತುಗಳು. ಈಗ ಅದೇ ತೋಳನ್ನು ಮೇಲೆತ್ತಿಸಿ, ಕಂಕುಳಿನ ಹತ್ತಿರದ ಒಳಭಾಗವನ್ನು ಮುಟ್ಟಿ ನೋಡಿ. ಅಲ್ಲಿ ಚರ್ಮ ಇನ್ನೂ ಮೆತ್ತಗಿದೆ, ದಪ್ಪಗಿದೆ, ಒಂದು ಕಲೆಯೂ ಇಲ್ಲ! ಅದೇ ಮನುಷ್ಯ, ಅದೇ ವಯಸ್ಸು, ಅದೇ ರಕ್ತ. ನಡುವೆ ಇರುವುದು ಒಂದು ಗೇಣಿನ ಅಂತರ ಮಾತ್ರ. ಆದರೂ ಒಂದು ಕಡೆ ನೆತ್ತರು ಚರ್ಮದಡಿ ಹರಡಿಕೊಂಡಿದೆ, ಇನ್ನೊಂದು ಕಡೆ ಏನೂ ಆಗಿಲ್ಲ. ಇದು ಹೇಗೆ?

ಒಬ್ಬ ಅಜ್ಜನನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ಎಪ್ಪತ್ತಾರು. ಜೀವಮಾನವೆಲ್ಲ ಅಡಿಕೆ ತೋಟದಲ್ಲಿ, ಕಣದಲ್ಲಿ ಅರ್ಧ ತೋಳಿನ ಬನಿಯನ್ನಿನಲ್ಲೇ ದುಡಿದವರು. ಉಬ್ಬಸಕ್ಕೆಂದು ಎಂಟು ವರ್ಷದಿಂದ ಪ್ರೆಡ್ನಿಸೊಲೋನ್ ಮಾತ್ರೆ, ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ದಿನಕ್ಕೊಂದು ಆಸ್ಪಿರಿನ್. ಬೆಳಿಗ್ಗೆ ಕಾಫಿ ಕೊಡಲು ಬಂದ ಸೊಸೆ ಕೈ ನೋಡಿ ಗಾಬರಿಯಾಗುತ್ತಾಳೆ: "ಮಾವ, ಎಲ್ಲಿ ಬಡಿಸಿಕೊಂಡ್ರಿ?" ಅವರಿಗೆ ನೆನಪೇ ಇಲ್ಲ. "ಎಲ್ಲೂ ಇಲ್ವಲ್ಲಮ್ಮ. ನೋವೂ ಇಲ್ಲ." ಅವರು ಸುಳ್ಳು ಹೇಳುತ್ತಿಲ್ಲ. ಬಾಗಿಲ ಚೌಕಟ್ಟಿಗೆ ತುಸು ಸವರಿದ್ದೋ, ಮಂಚದಿಂದ ಏಳುವಾಗ ಯಾರೋ ಕೈ ಹಿಡಿದಿದ್ದೋ ಸಾಕಾಗಿರುತ್ತದೆ. ರಕ್ತ ಪರೀಕ್ಷೆ ಮಾಡಿಸಿದರೆ ಪ್ಲೇಟ್ಲೆಟ್ ಸರಿಯಾಗಿದೆ, ಹೆಪ್ಪುಗಟ್ಟುವ ಸಮಯವೂ ಸರಿಯಾಗಿದೆ.

ಹೀಗೆ ಕಲೆ ಕಟ್ಟುವುದನ್ನು ಲಂಡನ್ನಿನ ವೈದ್ಯ ಥಾಮಸ್ ಬೇಟ್‌ಮನ್ 1818ರಷ್ಟು ಹಿಂದೆಯೇ ವರ್ಣಿಸಿದ್ದ. ಮುಪ್ಪಿನವರ ಮುಂಗೈಯ ಹೊರಭಾಗದಲ್ಲೇ ಕಾಣುವ ಈ ಕಲೆಗೆ ಅವನಿಟ್ಟ ಹೆಸರು 'ಪರ್ಪುರಾ ಸೆನೈಲಿಸ್'. ಇಂದಿಗೂ ವೈದ್ಯರು ಅದೇ ಹೆಸರನ್ನು ಬಳಸುತ್ತಾರೆ, ಬೇಟ್‌ಮನ್ ಪರ್ಪುರಾ ಎಂದೂ ಕರೆಯುತ್ತಾರೆ. ಆದರೆ ಒಳಗೆ ನಡೆಯುವುದೇನು ಎಂಬುದು ಬಿಡಿಬಿಡಿಯಾಗಿ ತಿಳಿಯುತ್ತ ಬಂದದ್ದು ಕಳೆದ ಕೆಲವು ದಶಕಗಳಲ್ಲಿ. ಗೊತ್ತಾದದ್ದು ನಿಜಕ್ಕೂ ಬೆರಗು ಹುಟ್ಟಿಸುತ್ತದೆ: ಕೆಟ್ಟಿರುವುದು ರಕ್ತವಲ್ಲ, ರಕ್ತನಾಳವೂ ಅಷ್ಟಾಗಿ ಅಲ್ಲ. ಬಳೆಗಾರ ಗಾಜಿನ ಬಳೆಗಳನ್ನು ಹುಲ್ಲಿನಲ್ಲಿ ಸುತ್ತಿ ತರುತ್ತಾನಲ್ಲ, ಇಲ್ಲಿ ಬಳೆ ಹಾಗೇ ಇದೆ, ಸವೆದುಹೋಗಿರುವುದು ಹುಲ್ಲು! ಚರ್ಮದ ಮೇಲ್ಪದರದಡಿ ಡರ್ಮಿಸ್ ಎಂಬ ದಪ್ಪ ಪದರವಿದೆ. ಅದರ ಮೈಯೆಲ್ಲ ಕೊಲಾಜೆನ್ ಎಂಬ ಗಟ್ಟಿ ನಾರು. ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಈ ನಾರಿನ ದಟ್ಟಣೆಯೊಳಗೆ ಅಡಗಿ ಕೂತಿರುತ್ತವೆ. ಪ್ರಾಯ ಬಂದ ಮೇಲೆ ವರ್ಷಕ್ಕೆ ಹೆಚ್ಚುಕಡಿಮೆ ಶೇಕಡಾ 1ರಷ್ಟು ಕೊಲಾಜೆನ್ ಕಡಿಮೆಯಾಗುತ್ತ ಹೋಗುತ್ತದೆ. ಅದರ ಮೇಲೆ ಬಿಸಿಲು. ಸೂರ್ಯನ ಅತಿನೇರಳೆ ಕಿರಣಗಳಲ್ಲಿ ಯುವಿಎ ಎಂಬುದು ಡರ್ಮಿಸ್‌ವರೆಗೂ ಇಳಿಯುತ್ತದೆ. ಅಲ್ಲಿ ಕೊಲಾಜೆನ್ ಕತ್ತರಿಸುವ ಕಿಣ್ವಗಳು ಚುರುಕಾಗುತ್ತವೆ. ತೋಳಿನ ಒಳಭಾಗಕ್ಕೆ ಬಿಸಿಲು ತಾಗುವುದೇ ಇಲ್ಲ. ಆ ಒಂದು ಗೇಣಿನ ಅಂತರದ ಗುಟ್ಟು ಇಷ್ಟೇ! ಕಪ್ಪು ಚರ್ಮದಲ್ಲಿ ಮೆಲನಿನ್ ಹೆಚ್ಚಿರುವುದರಿಂದ ಸ್ವಲ್ಪ ರಕ್ಷಣೆ ಸಿಗುತ್ತದೆ. ಬಿಳಿಯರಲ್ಲಿ ಈ ಕಲೆ ಹೆಚ್ಚು ಕಾಣುತ್ತದೆ, ಆದರೆ ನಮ್ಮಲ್ಲಿ ಬರುವುದೇ ಇಲ್ಲ ಎನ್ನಲಾಗದು.

ನಾರಿನ ಆಸರೆ ಹೋದ ಮೇಲೆ ಚರ್ಮವನ್ನು ಗುದ್ದಬೇಕಾಗಿಯೇ ಇಲ್ಲ. ಮೇಲ್ಪದರ ಒಂದಿಷ್ಟು ಪಕ್ಕಕ್ಕೆ ಜಾರಿದರೂ ಆ ಎಳೆತ ನೇರವಾಗಿ ನಾಳಗಳ ಮೇಲೆ ಬೀಳುತ್ತದೆ, ನಾಳ ಹರಿಯುತ್ತದೆ. ಸೋರಿದ ರಕ್ತಕ್ಕೂ ತಡೆಯಿಲ್ಲ, ಆದ್ದರಿಂದ ಅಗಲವಾಗಿ ಹರಡುತ್ತದೆ. ನೋವೇಕೆ ಇಲ್ಲ ಎಂಬುದೂ ಇಲ್ಲೇ ತಿಳಿಯುತ್ತದೆ: ಜಜ್ಜಿದ ಪೆಟ್ಟೇ ಬಿದ್ದಿಲ್ಲವಲ್ಲ.

ಇನ್ನೊಂದು ವಿಚಿತ್ರ ನೋಡಿ. ಮಗು ಆಟದಲ್ಲಿ ಬಿದ್ದರೆ ಕಂದಿದ ಜಾಗ ಮೊದಲು ನೀಲಿ, ಆಮೇಲೆ ಹಸಿರು, ಹಳದಿ ಹೀಗೆ ಬಣ್ಣ ಬದಲಿಸುತ್ತದೆ. ರಕ್ತದ ಕೆಂಪು ವಸ್ತುವನ್ನು ಭಕ್ಷಕ ಕೋಶಗಳು ಬಂದು ಒಡೆಯುತ್ತ ಹೋಗುವ ಹಾದಿಯೇ ಆ ಬಣ್ಣಗಳು. ಅಜ್ಜನ ಮುಂಗೈಯಲ್ಲಿ ಈ ಬಣ್ಣಗಳ ಸಾಲು ಸರಿಯಾಗಿ ಬರುವುದೇ ಇಲ್ಲ! ಕಲೆ ಒಂದರಿಂದ ಮೂರು ವಾರ ನೇರಳೆಯಾಗಿಯೇ ಉಳಿದು, ನಿಧಾನಕ್ಕೆ ಕಂದುಬಣ್ಣಕ್ಕೆ ಇಳಿಯುತ್ತದೆ. ಸೋರಿದ ರಕ್ತವನ್ನು ಗುಡಿಸಿ ಒಯ್ಯುವ ಕೆಲಸವೇ ಆ ಚರ್ಮದಲ್ಲಿ ಮಂದವಾಗಿರುತ್ತದೆ. ಕಂದುಬಣ್ಣ ಹಿಂದೆ ಉಳಿದ ಕಬ್ಬಿಣದ ಅಂಶದ್ದು. ಅದು ತಿಂಗಳುಗಟ್ಟಲೆ ಇರಬಹುದು.

ಇನ್ನು ಅಜ್ಜ ನುಂಗುವ ಪ್ರೆಡ್ನಿಸೊಲೋನ್, ಅಂದರೆ ಸ್ಟೀರಾಯ್ಡ್. 1932ರಲ್ಲಿ ಅಮೆರಿಕದ ನರಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಒಂದು ರೋಗವನ್ನು ವಿವರಿಸಿದ. ದುಂಡಗೆ ಊದಿದ ಮುಖ, ಹೊಟ್ಟೆಯ ಮೇಲೆ ನೇರಳೆ ಗೆರೆ, ತುಸು ತಾಗಿದರೂ ಕಂದುವ ತೆಳು ಚರ್ಮ. ಇದೆಲ್ಲ ದೇಹದಲ್ಲೇ ತಯಾರಾಗುವ ಕಾರ್ಟಿಸಾಲ್ ಮಿತಿಮೀರಿದ್ದರ ಫಲ ಎಂಬುದು ಆಮೇಲೆ ತಿಳಿಯಿತು. 1948ರಲ್ಲಿ ಮೇಯೋ ಕ್ಲಿನಿಕ್ಕಿನ ಫಿಲಿಪ್ ಹೆಂಚ್, ಸಂಧಿವಾತದಿಂದ ಏಳಲಾರದೆ ಕಷ್ಟಪಡುತ್ತಿದ್ದ ಯುವತಿಗೆ ಅದೇ ಬಳಗದ ಕಾರ್ಟಿಸೋನ್ ಚುಚ್ಚಿದಾಗ ಆಕೆ ಕೆಲವೇ ದಿನಗಳಲ್ಲಿ ಎದ್ದು ಓಡಾಡಿದಳು. 1950ರಲ್ಲಿ ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಬಂತು. ಆದರೆ ಅದೇ ಔಷಧವನ್ನು ಹೆಚ್ಚು ಪ್ರಮಾಣದಲ್ಲಿ, ಬಹುಕಾಲ ಪಡೆದವರಲ್ಲಿ ಕುಶಿಂಗ್ ಹೇಳಿದ್ದ ಚಹರೆಯೇ ಮೂಡತೊಡಗಿತು! ಡರ್ಮಿಸ್‌ನಲ್ಲಿ ಕೊಲಾಜೆನ್ ನೇಯುವ ಫೈಬ್ರೊಬ್ಲಾಸ್ಟ್ ಎಂಬ ಕೋಶಗಳಿವೆ. ಸ್ಟೀರಾಯ್ಡ್ ಅವುಗಳಿಗೆ ಕೆಲಸ ನಿಲ್ಲಿಸು ಎನ್ನುತ್ತದೆ. ಚರ್ಮದಲ್ಲಿ ನೀರು ಹಿಡಿದಿಡುವ ಹಯಲುರಾನಿಕ್ ಆಮ್ಲವೂ ಕಡಿಮೆಯಾಗುತ್ತದೆ. ಬಿಸಿಲು, ಮುಪ್ಪು ದಶಕಗಳಲ್ಲಿ ಮಾಡಿದ ಕೆಲಸವನ್ನು ಸ್ಟೀರಾಯ್ಡ್ ವರ್ಷಗಳಲ್ಲಿ ಮಾಡಿಬಿಡುತ್ತದೆ. ಮಾತ್ರೆಗಷ್ಟೇ ಅಲ್ಲ, ಹೆಚ್ಚು ಡೋಸಿನ ಇನ್‌ಹೇಲರ್‌ಗೂ, ತಿಂಗಳುಗಟ್ಟಲೆ ಹಚ್ಚುವ ಕ್ಲೋಬೆಟಾಸಾಲ್‌ನಂಥ ಬಲವಾದ ಮುಲಾಮಿಗೂ ಈ ಗುಣ ಇದೆ. ಔಷಧದಂಗಡಿಯಲ್ಲಿ ಗಜಕರ್ಣಕ್ಕೆಂದು ಚೀಟಿಯಿಲ್ಲದೆ ಸಿಗುವ ಎಷ್ಟೋ ಮಿಶ್ರ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ ಎಂಬುದು ನನ್ನನ್ನು ಇಂದಿಗೂ ಕಾಡುವ ಸಂಗತಿ.

ಅಜ್ಜನ ಕಥೆಗೆ ಮರಳಿದರೆ ಎಲ್ಲವೂ ಒಂದಕ್ಕೊಂದು ಹೊಂದಿಕೊಳ್ಳುತ್ತದೆ. ತೋಟದ ಬಿಸಿಲು ನಾರನ್ನು ಸವೆಸಿತು, ಸ್ಟೀರಾಯ್ಡ್ ಹೊಸ ನಾರು ಹುಟ್ಟದಂತೆ ಮಾಡಿತು, ಆಸ್ಪಿರಿನ್ ಪ್ಲೇಟ್ಲೆಟ್‌ಗಳನ್ನು ಮಂದ ಮಾಡಿ ಸೋರಿಕೆ ನಿಲ್ಲುವುದನ್ನು ತಡವಾಗಿಸಿತು. ಪ್ಲೇಟ್ಲೆಟ್‌ಗಳ ಎಣಿಕೆ ಸರಿಯಿದೆ, ಕೆಲಸ ಮಾತ್ರ ಸ್ವಲ್ಪ ಮಂದ. ಹಾಗೆಂದು ಆ ಎರಡೂ ಔಷಧಗಳನ್ನು ಬಿಟ್ಟುಬಿಡಬಹುದೇ? ಖಂಡಿತ ಬೇಡ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ತನ್ನ ಕಾರ್ಟಿಸಾಲ್ ತಯಾರಿಕೆ ನಿಲ್ಲಿಸಿ ನಿದ್ದೆಗೆ ಜಾರಿರುತ್ತದೆ. ಥಟ್ಟನೆ ಮಾತ್ರೆ ನಿಲ್ಲಿಸಿದರೆ ವಾಂತಿ, ನಿಶ್ಶಕ್ತಿ, ರಕ್ತದೊತ್ತಡದ ಕುಸಿತ, ಪ್ರಾಣಾಪಾಯ. ಡೋಸನ್ನು ವೈದ್ಯರೇ ಮೆಲ್ಲಮೆಲ್ಲಗೆ ಇಳಿಸಬೇಕು. ಸ್ಟೆಂಟ್ ಇರುವವರು ಆಸ್ಪಿರಿನ್ ಬಿಟ್ಟರೆ ಅದರೊಳಗೇ ಹೆಪ್ಪುಗಟ್ಟುವ ಭಯ.

ನನ್ನನ್ನು ಹೆಚ್ಚು ಅಚ್ಚರಿಗೊಳಿಸಿದ ಸಂಗತಿ ಇನ್ನೂ ಒಳಗಿದೆ. ಚರ್ಮದ ಕೊಲಾಜೆನ್ ಮತ್ತು ಎಲುಬಿನ ಕೊಲಾಜೆನ್ ಬಹುಪಾಲು ಒಂದೇ ಜಾತಿಯದು. 1963ರಲ್ಲಿ ಬ್ರಿಟನ್ನಿನ ಮೆಕಾಂಕಿ ಮತ್ತು ಸಂಗಡಿಗರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ, ಅಂಗೈ ಹಿಂಭಾಗದ ಚರ್ಮ ಪಾರದರ್ಶಕವಾಗಿರುವವರಲ್ಲಿ ಎಲುಬು ಸವೆತ ಹೆಚ್ಚು ಎಂದು ಬರೆದರು. ಹೊರಗಿನ ಚರ್ಮ ಒಳಗಿನ ಎಲುಬಿನ ಸುದ್ದಿ ಹೇಳುತ್ತದೆ! ನಮ್ಮ ಅಜ್ಜನ ಕಲೆ ನೋಡಿದ ವೈದ್ಯರು ಎಲುಬಿನ ಸಾಂದ್ರತೆ ಪರೀಕ್ಷೆಗೆ ಬರೆದುಕೊಡುವುದು ಅದಕ್ಕೇ. ಮೂರು ತಿಂಗಳಿಗಿಂತ ಹೆಚ್ಚು ಸ್ಟೀರಾಯ್ಡ್ ನುಂಗುವವರಿಗೆ ಎಲುಬು ಕಾಪಾಡುವ ಔಷಧ ಬೇಕೇ ಎಂದು ಕೇಳಲೇಬೇಕು.

ಫೈಬ್ರೊಬ್ಲಾಸ್ಟ್‌ಗಳು ಸತ್ತೇಹೋಗಿವೆಯೇ? ಮಿಷಿಗನ್ ವಿಶ್ವವಿದ್ಯಾಲಯದವರು 2007ರಲ್ಲಿ ಒಂದು ಕೆಲಸ ಮಾಡಿದರು. ಎಪ್ಪತ್ತರ ಆಸುಪಾಸಿನವರ ಬಿಸಿಲು ತಿಂದ ಮುಂಗೈಗೇ ಹಯಲುರಾನಿಕ್ ಆಮ್ಲದ ಗಟ್ಟಿ ಜೆಲ್ ಚುಚ್ಚಿದರು. ಜೆಲ್ ಜಾಗ ಹಿಡಿದು ಚರ್ಮವನ್ನು ಬಿಗಿದಾಗ, ಸುಸ್ತಾಗಿ ಮುದುಡಿದ್ದ ಕೋಶಗಳು ಹಿಗ್ಗಿ ಹೊಸ ಕೊಲಾಜೆನ್ ನೇಯತೊಡಗಿದವು. ಅವುಗಳಿಗೆ ಕಳೆದುಹೋಗಿದ್ದದ್ದು ಹಿಡಿದು ಎಳೆಯಲು ಬಿಗಿಯಾದ ಒಂದು ಆಸರೆ! ಇದು ಕಲೆಗೆ ಚಿಕಿತ್ಸೆಯಾಗಿ ಇನ್ನೂ ಬಂದಿಲ್ಲ, ಆದರೆ ಮುಪ್ಪಿನ ಕೋಶದ ಬಗ್ಗೆ ಯೋಚಿಸುವ ರೀತಿಯನ್ನೇ ಬದಲಿಸಿತು.

ಯಾವ ಕಲೆ ಭಯಪಡಬೇಕಾದ್ದು? ಮುಂಗೈ ಬಿಟ್ಟು ಹೊಟ್ಟೆ, ಬೆನ್ನಿನ ಮೇಲೆ ಬಂದರೆ, ಕಾಲಿನ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಎದ್ದರೆ, ಜ್ವರದ ಜತೆ ಬಂದರೆ, ವಸಡಿನಿಂದ ರಕ್ತ ಅಥವಾ ಟಾರಿನಂತೆ ಕಪ್ಪು ಮಲ ಕಂಡರೆ ದೋಷ ರಕ್ತದಲ್ಲೇ ಇರಬಹುದು. ಆಗ ಅಂದೇ ಆಸ್ಪತ್ರೆಗೆ. ಮೊಣಕಾಲಿನ ಕೆಳಗೆ ಪೆಟ್ಟು ಬಿದ್ದ ಮೇಲೆ ಒಂದೇ ಸಮನೆ ಊದಿ, ನೋಯುತ್ತ, ಚರ್ಮ ಬಿಗಿದುಕೊಂಡರೆ ಒಳಗೆ ರಕ್ತ ಪದರಗಳನ್ನು ಸೀಳಿ ತುಂಬುತ್ತಿದೆ ಎಂದರ್ಥ. ಸೋಂಕು ಎಂದು ಭ್ರಮಿಸಿ ಮಾತ್ರೆ ನುಂಗುತ್ತ ಕೂತರೆ ಮೇಲಿನ ಚರ್ಮ ಸತ್ತುಹೋಗುತ್ತದೆ. ಮೇಲೆ ಹೇಳಿದ ಬೇರೆ ಲಕ್ಷಣಗಳಿಲ್ಲದೆ ಕೈಗಳ ಮೇಲೆ ಬೆರಳಚ್ಚಿನಂಥ ಕಲೆಗಳ ಸಾಲು ಕಂಡರೆ, ಯಾರಾದರೂ ಒರಟಾಗಿ ಹಿಡಿಯುತ್ತಿದ್ದಾರೆಯೇ ಎಂದು ಆ ಹಿರಿಯರನ್ನು ಒಬ್ಬರನ್ನೇ ಕೂರಿಸಿ ಮಾತಾಡಿಸಬೇಕು.

ಇಂಥ ತೆಳು ಚರ್ಮ ಕಂದುವುದಷ್ಟೇ ಅಲ್ಲ, ಹರಿಯುವುದೂ ಉಂಟು. ಹರಿದರೆ ಮನೆಯಲ್ಲಿ ಮಾಡುವುದು ಹೀಗೆ. ಸ್ವಚ್ಛ ನೀರಲ್ಲಿ ತೊಳೆದು, ಮಡಚಿಕೊಂಡ ಚರ್ಮದ ತುಣುಕನ್ನು ಕಿತ್ತೆಸೆಯದೆ, ಒದ್ದೆ ಗಾಜ್ ಬಟ್ಟೆಯಿಂದ ಮೆಲ್ಲಗೆ ಮೂಲ ಜಾಗಕ್ಕೇ ಹೊರಳಿಸಿ, ಅಂಟದ ಸಿಲಿಕೋನ್ ಡ್ರೆಸಿಂಗ್ ಹಾಕಿ. ಅದರ ಮೇಲೆ ಬಾಣದ ಗುರುತು ಬರೆದರೆ ಮುಂದೆ ಯಾವ ದಿಕ್ಕಿಗೆ ಬಿಚ್ಚಬೇಕೆಂದು ತಿಳಿಯುತ್ತದೆ. ಸಾಮಾನ್ಯ ಅಂಟುಪಟ್ಟಿ ಬೇಡ, ಅದನ್ನು ಬಿಚ್ಚುವಾಗ ಉಳಿದ ಚರ್ಮವೂ ಜತೆಗೇ ಬರುತ್ತದೆ.

ಇನ್ನು ಹರಿಯದಂತೆ ತಡೆಯುವುದು. ಪಶ್ಚಿಮ ಆಸ್ಟ್ರೇಲಿಯದ ವೃದ್ಧಾಲಯಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ, ದಿನಕ್ಕೆರಡು ಸಲ ಕೈಕಾಲಿಗೆ ಮಾಮೂಲಿ ಮಾಯಿಶ್ಚರೈಸರ್ ಸವರಿದವರಲ್ಲಿ ಚರ್ಮ ಹರಿಯುವುದು ಹೆಚ್ಚುಕಡಿಮೆ ಅರ್ಧಕ್ಕಿಳಿದದ್ದನ್ನು ತೋರಿಸಿತು. ಸ್ನಾನವಾದ ಕೂಡಲೇ, ರೋಮದ ದಿಕ್ಕಿನಲ್ಲೇ, ಉಜ್ಜದೆ ಸವರಬೇಕು. ಅಜ್ಜನ ಸೊಸೆ ಈಗ ಬೆಳಿಗ್ಗೆ ಒಮ್ಮೆ, ಮಲಗುವ ಮುನ್ನ ಒಮ್ಮೆ ಹಚ್ಚುತ್ತಾಳೆ. ತೋಟಕ್ಕೆ ಹೊರಡುವಾಗ ಅವರು ಹಳೆಯ ಉದ್ದ ತೋಳಿನ ಅಂಗಿ ತೊಟ್ಟುಕೊಳ್ಳುತ್ತಾರೆ.