ಎಲ್ಲರಿಗೂ ಸಲ್ಲುವ ನಮಸ್ಕಾರ

"ಮೊದಲನೇ ಶಬ್ದ ಅರ್ಧ ಮಂದಿಗೆ ಕೇಳಸೂದೇ ಇಲ್ರೀ. ಅದಕ್ಕ ಅದರಾಗ ಸುದ್ದಿ ಇಡಬಾರದು."

ಧಾರವಾಡ ಕಡೆಯ ಗಗನಸಖಿಯೊಬ್ಬರು ಹೇಳಿದ ಈ ಮಾತು ವಿಮಾನದ ಪ್ರಕಟಣೆಗಳನ್ನು ನಾನು ಕೇಳುವ ರೀತಿಯನ್ನೇ ಬದಲಿಸಿತು. ಪ್ರಕಟಣೆಗೆ ಬಳಸುವ ಫೋನಿನಲ್ಲಿ ಗುಂಡಿಯನ್ನು ಒತ್ತಿ ಹಿಡಿದೇ ಮಾತಾಡಬೇಕು. ಅವಸರದಲ್ಲಿ ಗುಂಡಿ ಒತ್ತುವ ಮೊದಲೇ ಬಾಯಿ ತೆರೆದರೆ ಮೊದಲ ಅಕ್ಷರಗಳು ನುಂಗಿಹೋಗುತ್ತವೆ. ಅತ್ತ ಪ್ರಯಾಣಿಕರು ತಲೆಯ ಮೇಲಿನ ಖಾನೆಗೆ ಚೀಲ ತುರುಕುತ್ತಿರುತ್ತಾರೆ, ಮಕ್ಕಳು ಅಳುತ್ತಿರುತ್ತಾರೆ, ಹಲವರ ಕಿವಿಯಲ್ಲಿ ಇಯರ್‌ಫೋನ್ ಇರುತ್ತದೆ. "ಹೈದರಾಬಾದಿಗೆ ಹೊರಟಿರುವ ವಿಮಾನ" ಎಂದು ನೇರವಾಗಿ ಶುರುಮಾಡಿದರೆ ಊರಿನ ಹೆಸರೇ ಕಳೆದುಹೋಗುತ್ತದೆ. ಮೊದಲು ನಮಸ್ಕಾರ ಬಂದರೆ ಕಳೆದುಹೋಗುವುದು ನಮಸ್ಕಾರ ಮಾತ್ರ. ಅಷ್ಟರಲ್ಲಿ ಕಿವಿಗಳು ಇತ್ತ ತಿರುಗಿರುತ್ತವೆ.

ವಯಸ್ಸಾದವರಿಗೆ ಈ ಒಂದೆರಡು ಸೆಕೆಂಡು ಇನ್ನೂ ಮುಖ್ಯ. ವಯಸ್ಸಿನೊಂದಿಗೆ ಮೊದಲು ಮಂಕಾಗುವುದು ಏರುಕಂಪನದ ಸದ್ದುಗಳು. ಸ, ಶ, ತ, ಕ ಮುಂತಾದ ವ್ಯಂಜನಗಳು ಮಸುಕಾಗಿ, ಸ್ವರಗಳು ಮಾತ್ರ ಉಳಿಯುತ್ತವೆ. ಹಾಗಾಗಿ ದನಿ ಏರಿಸಿದರೆ ಪ್ರಯೋಜನ ಕಡಿಮೆ, ನಿಧಾನವಾಗಿ ಬಿಡಿಸಿ ಹೇಳಿದರೆ ಹೆಚ್ಚು. ಧಾರವಾಡದ ಈ ಗಗನಸಖಿ "ನಮಸ್ಕಾರ" ಎಂದಮೇಲೆ ಒಮ್ಮೆ ಉಸಿರೆಳೆದುಕೊಳ್ಳುತ್ತಾರೆ. ಕಿವಿ ಮಂದವಾದ ಅಜ್ಜಿಗೆ ಪಕ್ಕದಲ್ಲಿದ್ದವರ ಮಾತು ನಿಲ್ಲಿಸಲು ಅಷ್ಟು ಹೊತ್ತು ಬೇಕಂತೆ.

ಹಾಗಾದರೆ ಕೇಳುವವರನ್ನು ಏನೆಂದು ಕರೆಯಬೇಕು? ಬಹುಕಾಲ ಪ್ರಪಂಚದ ವಿಮಾನಗಳಲ್ಲಿ ನಡೆದುಬಂದದ್ದು "ಲೇಡೀಸ್ ಅಂಡ್ ಜಂಟಲ್‌ಮನ್". ಮಕ್ಕಳು ಇದರಲ್ಲಿ ಸೇರುವುದಿಲ್ಲ, ತಮ್ಮನ್ನು ಗಂಡು ಅಥವಾ ಹೆಣ್ಣು ಎಂದು ಗುರುತಿಸಿಕೊಳ್ಳದವರೂ ಸೇರುವುದಿಲ್ಲ. 2019ರಲ್ಲಿ ಏರ್ ಕೆನಡಾ ಇದನ್ನು ಬಿಟ್ಟು ಇಂಗ್ಲಿಷ್ ಮತ್ತು ಫ್ರೆಂಚ್ ಎರಡರಲ್ಲೂ "ಎಲ್ಲರಿಗೂ" ಎನ್ನುವ ಸಂಬೋಧನೆಗೆ ಬಂತು. 2021ರಲ್ಲಿ ಲುಫ್ತಾನ್ಸಾ ಅದೇ ದಾರಿ ಹಿಡಿಯಿತು. ನಡುವೆ, 2020ರ ಅಕ್ಟೋಬರ್ 1ರಿಂದ, ಜಪಾನ್ ಏರ್‌ಲೈನ್ಸ್ ಕೂಡ ಬದಲಾಯಿತು. ಆದರೆ ಅದು ತಿದ್ದಿದ್ದು ಇಂಗ್ಲಿಷ್ ಪಾಠವನ್ನು ಮಾತ್ರ. ಜಪಾನೀ ಪಾಠದಲ್ಲಿ ತಿದ್ದುವುದಕ್ಕೆ ಏನೂ ಇರಲಿಲ್ಲ. ಅದು ಮೊದಲಿನಿಂದಲೂ ಗಂಡು ಹೆಣ್ಣೆಂದು ವಿಂಗಡಿಸದೆ ಎಲ್ಲರನ್ನೂ ಗೌರವದಿಂದ ಒಟ್ಟಿಗೇ ಕರೆಯುತ್ತಿತ್ತು.

ಕನ್ನಡದ್ದೂ ಅದೇ ಭಾಗ್ಯ. "ಪ್ರಯಾಣಿಕರೇ" ಎಂದರೆ ಸಾಕು. ಆ ಬಹುವಚನದಲ್ಲಿ ಗೌರವವೂ ಇದೆ, ಗಂಡು ಹೆಣ್ಣಿನ ಗೆರೆಯೂ ಇಲ್ಲ, ಆರು ವರ್ಷದ ಮಗುವಿಗೂ ಎಂಬತ್ತರ ಅಜ್ಜನಿಗೂ ಸಲ್ಲುತ್ತದೆ. ಇಷ್ಟು ಸೊಗಸಾದ ಪದ ಕೈಯಲ್ಲಿರುವಾಗ "ಮಹಿಳೆಯರೇ ಮತ್ತು ಮಹನೀಯರೇ" ಎಂದು ಇಂಗ್ಲಿಷಿನ ನೆರಳು ಹಿಡಿಯುವುದನ್ನು ಕೇಳಿದಾಗ ಬೇಸರವಾಗುತ್ತದೆ. "ಶುಭ ಮುಂಜಾನೆ"ಯದ್ದೂ ಅದೇ ಕತೆ. ಬೆಳಗಿನ ವಿಮಾನ ತಡವಾಗಿ ಮಧ್ಯಾಹ್ನ ಹೊರಟರೆ ಪದವನ್ನೇ ಬದಲಿಸಬೇಕು. ನಮಸ್ಕಾರಕ್ಕೆ ಹೊತ್ತುಗೊತ್ತಿನ ಹಂಗಿಲ್ಲ.

ಆದರೆ ನಮಸ್ಕಾರಕ್ಕೂ ಒಂದು ತೊಡಕಿದೆ. ಹಿಂದಿ ಪ್ರಕಟಣೆಯೂ ಅದೇ ಪದದಿಂದ ಶುರುವಾಗುತ್ತದೆ. ಕನ್ನಡ ಮಾತ್ರ ಬಲ್ಲವರು ಹಿಂದಿ, ಇಂಗ್ಲಿಷ್ ಪ್ರಕಟಣೆಗಳನ್ನು ಕೇಳಿ ಕೇಳಿ ಗಮನ ಬಿಟ್ಟಿರುತ್ತಾರೆ. ಮೂರನೆಯದು ತಮ್ಮ ಭಾಷೆ ಎಂದು ಅವರಿಗೆ ತಿಳಿಯುವುದು ಎರಡನೇ ಪದದಿಂದ. ಆದ್ದರಿಂದ ನಮಸ್ಕಾರದ ಬೆನ್ನಿಗೇ "ಪ್ರಯಾಣಿಕರೇ" ಬರಬೇಕು, ಅದರ ಮೊದಲು ಕಂಪನಿಯ ಹೆಸರು ಬರಬಾರದು. ನಮ್ಮ ಗಗನಸಖಿ ತಮ್ಮ ಚೀಟಿಯಲ್ಲಿ ಈ ಎರಡು ಪದಗಳ ಕೆಳಗೆ ಗೆರೆ ಎಳೆದುಕೊಂಡಿದ್ದಾರೆ. ಆ ಚೀಟಿ ಅವರೇ ಬರೆದುಕೊಂಡದ್ದು. ಕಂಪನಿ ಕೊಟ್ಟ ಪುಸ್ತಕದಲ್ಲಿ ಕನ್ನಡ ಇಲ್ಲ.

ನಿಲ್ದಾಣಗಳ ಮಾತು ಬೇರೆ. ಅಲ್ಲಿ ಹೆಚ್ಚಿನ ಪ್ರಕಟಣೆಗಳು ಮೊದಲೇ ಧ್ವನಿಮುದ್ರಿಸಿಟ್ಟ ತುಣುಕುಗಳ ಜೋಡಣೆ. "ಮುಂಬಯಿ" ಎಂಬ ತುಣುಕಿಗೆ "ಗೆ" ಅಂಟಿಸಿದರೆ ಸರಿ, "ಮಂಗಳೂರು" ತುಣುಕಿಗೆ ಅದನ್ನೇ ಅಂಟಿಸಿದರೆ "ಮಂಗಳೂರುಗೆ" ಆಗಿ ಕಿವಿಗೆ ಚುಚ್ಚುತ್ತದೆ. "ಮಂಗಳೂರಿಗೆ" ಎಂದು ಬೇರೆಯೇ ಮುದ್ರಿಸಬೇಕು. 2018ರ ಡಿಸೆಂಬರ್‌ನಲ್ಲಿ, ಪ್ರಕಟಣೆ ಮೊದಲು ಸ್ಥಳೀಯ ಭಾಷೆಯಲ್ಲಿ, ಆಮೇಲೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಆಗಬೇಕೆಂದು ದೇಶದ ವಿಮಾನ ನಿಲ್ದಾಣಗಳಿಗೆ ಸೂಚನೆ ಹೋಯಿತು. ಇತ್ತೀಚೆಗೆ ಹಲವು ನಿಲ್ದಾಣಗಳು ಗದ್ದಲ ತಗ್ಗಿಸಲು ಪ್ರಕಟಣೆಗಳನ್ನೇ ಕಡಿಮೆ ಮಾಡಿವೆ. ಪರದೆ ಓದಲಾಗದ ಹಿರಿಯರಿಗೆ ಈ ಮೌನ ಕಷ್ಟವೇ.

ವಿಮಾನದ ಒಳಗೆ ಕನ್ನಡ ಕೇಳುವುದು ಇಂದಿಗೂ ಆ ದಿನದ ಸಿಬ್ಬಂದಿಯಲ್ಲಿ ಕನ್ನಡ ಬಲ್ಲವರು ಇದ್ದಾರೆಯೇ ಎಂಬುದರ ಮೇಲೆ ನಿಂತಿದೆ. ಹುಬ್ಬಳ್ಳಿ, ಬೆಳಗಾವಿಗೆ ಹಾರುವ ಕಂಪನಿಗಳು ನಾಲ್ಕು ಸಾಲಿನ ಕನ್ನಡ ಪಾಠವನ್ನು ಒಳ್ಳೆಯ ದನಿಯಲ್ಲಿ ಮುದ್ರಿಸಿ ಪ್ರತಿ ವಿಮಾನದಲ್ಲೂ ಇಡಬೇಕು. ಖರ್ಚು ಒಂದೇ ಸಲದ್ದು.