ಅರ್ಧ ನೀನು, ಅರ್ಧ ನಾನು: ಉದ್ದದ ಪಿಪಿಟಿಯನ್ನು ಎಲ್ಲಿ ಕತ್ತರಿಸಬೇಕು?

ಇಂಟರ್ನಲ್ಸ್ ಹತ್ತಿರ ಬಂದಾಗ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ 110 ಸ್ಲೈಡಿನ ಪಿಪಿಟಿ ಬಂದು ಬೀಳುತ್ತದೆ. ಒಟ್ಟಿಗೆ ಓದುವ ಇಬ್ಬರಿಗೆ ಆಗ ಮೊದಲು ಹೊಳೆಯುವ ಏರ್ಪಾಡು ಒಂದೇ: "55ರವರೆಗೆ ನೀನು ಓದು, ಉಳಿದದ್ದು ನಾನು. ಆಮೇಲೆ ಒಬ್ಬರಿಗೊಬ್ಬರು ಹೇಳಿಕೊಡೋಣ." ಇದರಲ್ಲಿ ಹೇಳಿಕೊಡುವ ಯೋಚನೆ ಒಳ್ಳೆಯದು. ಎಡವಟ್ಟಿರುವುದು 55 ಎಂಬ ಸಂಖ್ಯೆಯಲ್ಲಿ. ಸ್ಲೈಡುಗಳನ್ನು ಎಣಿಸಿ ಅರ್ಧ ಮಾಡಿದರೆ ಕತ್ತರಿ ಎಲ್ಲಿ ಬೀಳುತ್ತದೋ ಹೇಳಲಾಗದು. ಎಷ್ಟೋ ಸಲ ಅದು ಬೀಳುವುದು ಪಾಠದ ಮುಖ್ಯ ವಿಚಾರದ ನಡುವೆಯೇ.

ಮೊದಲ ವರ್ಷದ ನರ್ಸಿಂಗ್ ಓದುವ ಇಬ್ಬರು ಹಾಸ್ಟೆಲ್ ಗೆಳತಿಯರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಪಿಪಿಟಿ ಇರುವುದು ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತದೆ ಎಂಬುದರ ಮೇಲೆ. ಮೊದಲ ಇಪ್ಪತ್ತು ಸ್ಲೈಡು ರಚನೆಗೆ ಮೀಸಲು. ನಂತರ ರಕ್ತ ಸೋಸುವ ಬಗೆ, ಆಮೇಲೆ ಸೋಸಿ ಬಂದ ದ್ರವದಿಂದ ಬೇಕಾದದ್ದನ್ನು ಕೊಳವೆಗಳು ಮರಳಿ ಹೀರಿಕೊಳ್ಳುವುದು, ಅದಾದ ಮೇಲೆ ಮೂತ್ರ ಗಟ್ಟಿಯಾಗುವ ಬಗೆ, ಕೊನೆಗೆ ಹಾರ್ಮೋನುಗಳು ಮತ್ತು ಮೂತ್ರಕೋಶ. 55ನೇ ಸ್ಲೈಡು ಬರುವುದು ಮರುಹೀರಿಕೆಯ ನಟ್ಟನಡುವೆ, ಸಕ್ಕರೆಯ ಗ್ರಾಫಿನ ಆಸುಪಾಸಿನಲ್ಲಿ. ಅಲ್ಲಿ ಕತ್ತರಿಸಿದರೆ ಏನಾಗುತ್ತದೆಂದು ತಿಳಿಯಲು ಆ ಗ್ರಾಫನ್ನೇ ಸ್ವಲ್ಪ ನೋಡಬೇಕು.

ನಮ್ಮ ಎರಡೂ ಮೂತ್ರಪಿಂಡಗಳು ಸೇರಿ ನಿಮಿಷಕ್ಕೆ ಸುಮಾರು 125 ಮಿಲಿಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ದಿನಕ್ಕೆ 180 ಲೀಟರ್. ಹೊರಗೆ ಹೋಗುವ ಮೂತ್ರ ಒಂದೂವರೆ ಲೀಟರಿನಷ್ಟು ಮಾತ್ರ, ಉಳಿದದ್ದೆಲ್ಲ ರಕ್ತಕ್ಕೆ ವಾಪಸ್. ರಕ್ತದಲ್ಲಿ ಸಕ್ಕರೆ 100 ಇದ್ದರೆ, ಅಂದರೆ ಒಂದು ಮಿಲಿಲೀಟರಿಗೆ 1 ಮಿಲಿಗ್ರಾಂ, ನಿಮಿಷಕ್ಕೆ 125 ಮಿಲಿಗ್ರಾಂ ಸಕ್ಕರೆ ಸೋಸಿ ಕೊಳವೆಗೆ ಇಳಿಯುತ್ತದೆ. ಕೊಳವೆಯ ಗೋಡೆಯಲ್ಲಿರುವ ವಾಹಕಗಳು ನಿಮಿಷಕ್ಕೆ ಹೆಚ್ಚೆಂದರೆ ಸುಮಾರು 375 ಮಿಲಿಗ್ರಾಂ ಎತ್ತಬಲ್ಲವು. ಆದ್ದರಿಂದ ಆರೋಗ್ಯವಂತರ ಮೂತ್ರದಲ್ಲಿ ಸಕ್ಕರೆ ಸಿಗುವುದಿಲ್ಲ. ಸಕ್ಕರೆ ಕಾಯಿಲೆಯಲ್ಲಿ ಸೋಸಿ ಬಂದದ್ದು ವಾಹಕಗಳ ಕೈಮೀರಿ ಹೋಗುತ್ತದೆ, ಮಿಕ್ಕಿದ್ದು ಮೂತ್ರಕ್ಕೆ ಸೇರುತ್ತದೆ.

ಈ ಲೆಕ್ಕದಲ್ಲಿ 125 ಎಂಬುದು ಸೋಸುವಿಕೆಯ ಪಾಠದ್ದು, 375 ಮರುಹೀರಿಕೆಯ ಪಾಠದ್ದು. ಒಬ್ಬಳಿಗೆ ಒಂದು, ಇನ್ನೊಬ್ಬಳಿಗೆ ಇನ್ನೊಂದು ಗೊತ್ತಿದ್ದು, ಎರಡನ್ನೂ ಜೋಡಿಸುವ ಗ್ರಾಫ್ ಕತ್ತರಿಯ ಬಾಯಿಗೆ ಸಿಕ್ಕಿದ್ದರೆ ಅದು ಇಬ್ಬರಿಗೂ ಸೇರುವುದಿಲ್ಲ. ಒಬ್ಬಳು ವಾಹಕಗಳ ಹೆಸರು ಕಲಿತು ಅಲ್ಲಿಗೇ ನಿಲ್ಲುತ್ತಾಳೆ. ಇನ್ನೊಬ್ಬಳು ಗ್ರಾಫಿನ ಆಕಾರವನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾಳೆ.

ಹೀಗಾಗಿ ಹಂಚಿಕೆಯ ಚೀಟಿ ಬರೆಯುವವಳು ಓದಲು ಕೂರುವ ಮೊದಲು ಇಡೀ ಪಿಪಿಟಿಯನ್ನು ಒಮ್ಮೆ ತಿರುವಿ ಹಾಕಬೇಕು. ತಲೆಬರಹಗಳನ್ನಷ್ಟೇ ನೋಡಿದರೆ ಸಾಕು. ಯಾವುದು ಯಾವುದರ ಮೇಲೆ ನಿಂತಿದೆ ಎಂಬುದು ಅಷ್ಟರಲ್ಲೇ ಕಾಣುತ್ತದೆ. ಆಗ ಚೀಟಿ ಹೆಚ್ಚುಕಡಿಮೆ ಹೀಗಿರುತ್ತದೆ:

"ಕಿಡ್ನಿ ಪಿಪಿಟಿ ಪೂರ್ತಿ ಕಣ್ಣಾಡಿಸಿದೆ ಕಣೇ. 1ರಿಂದ 20 ಇಬ್ಬರೂ ಓದೋಣ, ನೆಫ್ರಾನ್ ಚಿತ್ರ ಗೊತ್ತಿಲ್ಲದೆ ಮುಂದಿನದು ಯಾವುದೂ ತಲೆಗೆ ಹೋಗಲ್ಲ. 21ರಿಂದ 46, ಸೋಸೋದು, ನೀನು ತಗೋ. 47ರಿಂದ 72, ವಾಪಸ್ ಹೀರ್ಕೊಳ್ಳೋದು, ನನಗಿರಲಿ. 73ರಿಂದ 90 ಕೌಂಟರ್‌ಕರೆಂಟ್, ಅದನ್ನ ಹಂಚೋದು ಬೇಡ, ಒಟ್ಟಿಗೆ ಕೂತು ಬಿಡಿಸೋಣ. ಉಳಿದಿದ್ರಲ್ಲಿ ಹಾರ್ಮೋನು ನಾನು, ಮೂತ್ರಕೋಶ ನೀನು. ನಿನ್ನಿಂದ ನನಗೆ ಬೇಕಾಗಿರೋದು ಇಷ್ಟು: ನಿಮಿಷಕ್ಕೆ 125 ಅನ್ನೋದು ಯಾವುದರಿಂದ ಹೆಚ್ಚುಕಮ್ಮಿ ಆಗತ್ತೆ? ನಾನು ನಿನಗೆ ಹೇಳ್ಬೇಕಾಗಿರೋದು: ಸಕ್ಕರೆ ಮೂತ್ರಕ್ಕೆ ಯಾವಾಗ ಇಳಿಯತ್ತೆ? ಶನಿವಾರ ಊಟ ಆದ್ಮೇಲೆ ಕೂರೋಣ. ಮೊದಲು ನೀನು ಹೇಳು, ನಿಂದು ಗೊತ್ತಾಗದೆ ನಂದು ಶುರುವಾಗಲ್ಲ. ಲ್ಯಾಪ್‌ಟಾಪ್ ಬೇಡ, ಬಿಳಿ ಹಾಳೆ ತಗೊಂಡು ಬಾ. ಸೋಮವಾರ ರಾತ್ರಿ ನಿನ್ನ ಭಾಗದ ಪ್ರಶ್ನೆ ನನಗೆ ಕೇಳು, ನನ್ನ ಭಾಗದ್ದು ನಿನಗೆ ಕೇಳ್ತೀನಿ."

ಕೌಂಟರ್‌ಕರೆಂಟನ್ನು ಹಂಚದೆ ಬಿಟ್ಟದ್ದು ಅದು ಕಷ್ಟ ಎಂಬ ಕಾರಣಕ್ಕಲ್ಲ. ನೆಫ್ರಾನಿನ ಕೊಳವೆ ಮೂತ್ರಪಿಂಡದ ಒಳಭಾಗಕ್ಕೆ ಇಳಿದು, ತಿರುಗಿ ಮೇಲೆ ಏರುತ್ತದೆ. ಇಳಿಯುವ ಭಾಗದಿಂದ ನೀರು ಹೊರಗೆ ಹೋಗುವುದು ಏರುವ ಭಾಗ ಸುತ್ತಲಿನ ಜಾಗಕ್ಕೆ ಉಪ್ಪನ್ನು ಸುರಿದಿರುವುದರಿಂದ. ಏರುವ ಭಾಗಕ್ಕೆ ಸುರಿಯಲು ಅಷ್ಟು ಉಪ್ಪು ಸಿಕ್ಕುವುದು ಇಳಿಯುವಾಗ ನೀರು ಹೋಗಿ ದ್ರವ ಗಟ್ಟಿಯಾಗಿರುವುದರಿಂದ. ಒಂದರ ಕಾರಣ ಇನ್ನೊಂದರಲ್ಲಿದೆ. ಇಂಥದ್ದನ್ನು ಇಬ್ಬರಿಗೆ ಹಂಚಿದರೆ ಇಬ್ಬರ ಮಾತೂ "ಅದು ಹೇಗೂ ಆಗುತ್ತದೆ" ಎಂಬಲ್ಲಿಂದ ಶುರುವಾಗುತ್ತದೆ.

ಇನ್ನು ಹೇಳಿಕೊಡುವ ಹೊತ್ತಿನ ಮಾತು. ಲ್ಯಾಪ್‌ಟಾಪ್ ಬೇಡ ಎಂದು ಚೀಟಿಯಲ್ಲಿ ಬರೆದದ್ದಕ್ಕೆ ಗಟ್ಟಿ ಕಾರಣವಿದೆ. ವಿದ್ಯಾರ್ಥಿಗಳೇ ವಿದ್ಯಾರ್ಥಿಗಳಿಗೆ ಪಾಠ ಹೇಳುವುದರ ಬಗ್ಗೆ ನಡೆದ ಸಂಶೋಧನೆಗಳನ್ನು ರಾಡ್ ರಾಸ್ಕೋ ಮತ್ತು ಮಿಷೆಲಿನ್ ಚಿ 2007ರಲ್ಲಿ ಒಟ್ಟಿಗೆ ಪರಿಶೀಲಿಸಿದರು. ಹೇಳಿಕೊಡುವವರಲ್ಲಿ ಹೆಚ್ಚಿನವರು ತಮಗೆ ಗೊತ್ತಿದ್ದನ್ನು ಒಪ್ಪಿಸಿ ಮುಗಿಸುತ್ತಾರೆ, ವಿಚಾರವನ್ನು ಮತ್ತೆ ಕಟ್ಟುವ ಗೋಜಿಗೆ ಹೋಗುವುದಿಲ್ಲ ಎಂಬುದು ಅವರು ಕಂಡುಕೊಂಡದ್ದು. ಹೇಳುವವರಿಗೂ ಲಾಭವಾಗುವುದು ಕಟ್ಟುವಾಗಲೇ. ಕೇಳುವವರು ಆಳವಾದ ಪ್ರಶ್ನೆ ಕೇಳಿದಾಗ ಆ ಕಟ್ಟುವಿಕೆ ಹೆಚ್ಚಾಗಿ ಶುರುವಾಗುತ್ತದೆ. ಸ್ಲೈಡು ಕಣ್ಣೆದುರಿಗೇ ಇದ್ದರೆ ಒಪ್ಪಿಸುವುದು ತೀರಾ ಸುಲಭ. ಬುಲೆಟ್ ಸಾಲುಗಳನ್ನು ಒಂದೊಂದಾಗಿ ಓದಿ, ನಡುನಡುವೆ "ಅರ್ಥ ಆಯ್ತಾ?" ಎಂದು ಕೇಳಿ, ಇನ್ನೊಬ್ಬಳು ತಲೆಯಾಡಿಸಿ, 26 ಸ್ಲೈಡು ಅರ್ಧ ಗಂಟೆಯಲ್ಲಿ ಮುಗಿದಿರುತ್ತದೆ. ಕಲಿತಂತೆ ಅನ್ನಿಸುತ್ತದೆ, ಅಷ್ಟೆ.

ಬಿಳಿ ಹಾಳೆ ಈ ಸುಲಭವನ್ನು ಕಿತ್ತುಕೊಳ್ಳುತ್ತದೆ. ಹೇಳುವವಳು ನೆಫ್ರಾನ್ ಬರೆಯುತ್ತ, ಬಾಣ ಎಳೆಯುತ್ತ ಹೇಳಬೇಕು. ಮುಗಿದ ಮೇಲೆ ಆ ಹಾಳೆ ಮಗುಚಿಟ್ಟು, ಕೇಳಿದವಳು ತನ್ನ ಹಾಳೆಯ ಮೇಲೆ ಅದನ್ನೇ ಮೊದಲಿನಿಂದ ಬರೆದು ಹೇಳಬೇಕು. ಆಕೆ ಎಲ್ಲಿ ತಡವರಿಸುತ್ತಾಳೋ ಅಲ್ಲಿಗೆ ಇಬ್ಬರೂ ವಾಪಸ್ ಹೋಗಬೇಕು. ತಡವರಿಸಿದ್ದು ಕೇಳಿದವಳಾದರೂ ಕೊರತೆ ಹೇಳಿದವಳ ಮಾತಿನಲ್ಲೂ ಇರಬಹುದು.

ಸಕ್ಕರೆಯ ಲೆಕ್ಕದಲ್ಲೇ ಒಂದು ಒಳ್ಳೆಯ ಪ್ರಶ್ನೆ ಅಡಗಿದೆ. ವಾಹಕಗಳ ಮಿತಿ 375, ಸೋಸುವ ವೇಗ 125. ಭಾಗಿಸಿದರೆ 3 ಬರುತ್ತದೆ. ಅಂದರೆ ರಕ್ತದಲ್ಲಿ ಸಕ್ಕರೆ 300 ದಾಟಿದ ಮೇಲೆ ಮೂತ್ರದಲ್ಲಿ ಕಾಣಬೇಕು. ಆದರೆ 180ರ ಆಸುಪಾಸಿನಲ್ಲೇ ಅದು ಕಾಣತೊಡಗುತ್ತದೆಂದು ಪಿಪಿಟಿ ಹೇಳುತ್ತದೆ. ಯಾಕೆ? ಸಂಖ್ಯೆಗಳನ್ನು ಮಾತ್ರ ಕಲಿತು ಬಂದವಳು ಇಲ್ಲಿ ನಿಲ್ಲುತ್ತಾಳೆ. ವಿಷಯ ತಿಳಿದವಳು, ಹತ್ತಾರು ಲಕ್ಷ ನೆಫ್ರಾನ್‌ಗಳು ಒಂದೇ ಅಳತೆಯವಲ್ಲ, ಕೆಲವು ಹೆಚ್ಚು ಸೋಸಿ ಕಡಿಮೆ ಹೀರುತ್ತವೆ, ಅಂಥವು ಬೇಗ ಕೈಚೆಲ್ಲುತ್ತವೆ ಎನ್ನುತ್ತಾಳೆ. ಮಿತಿಯ ಹತ್ತಿರ ಬಂದಾಗ ವಾಹಕಗಳು ಒಂದೊಂದು ಕಣವನ್ನೂ ಹಿಡಿಯಲಾರವು ಎಂದೂ ಸೇರಿಸುತ್ತಾಳೆ. 375 ಎಂಬುದು ಎಲ್ಲ ನೆಫ್ರಾನ್‌ಗಳ ಒಟ್ಟು ಮೊತ್ತ ಎಂಬ ಅರಿವು ಈ ಪ್ರಶ್ನೆಯಿಂದಲೇ ಬರುತ್ತದೆ.

ಎರಡೂ ಭಾಗ ಮುಗಿದ ಮೇಲೆ ಇಬ್ಬರೂ ಸೇರಿ ಉತ್ತರಿಸಬೇಕಾದ ಒಂದು ಪ್ರಶ್ನೆ ಬೇಕು, ಒಬ್ಬಳ ಪಾಲಿನಿಂದ ಮಾತ್ರ ಬಿಡಿಸಲಾಗದಂಥದ್ದು. ನರ್ಸಿಂಗ್‌ನವರಿಗೆ ಅದು ತಾನಾಗಿ ಸಿಗುತ್ತದೆ: ಬಸುರಿಯರ ತಪಾಸಣೆಯಲ್ಲಿ ರಕ್ತದ ಸಕ್ಕರೆ ಸರಿಯಾಗಿದ್ದರೂ ಮೂತ್ರದಲ್ಲಿ ಸಕ್ಕರೆ ಕಾಣುವುದುಂಟು, ಹೇಗೆ? ಗರ್ಭಿಣಿಯರಲ್ಲಿ ಸೋಸುವ ವೇಗ ಸುಮಾರು ಅರ್ಧದಷ್ಟು ಏರುತ್ತದೆ, ಇದು ಒಬ್ಬಳ ಪಾಲು. ಕೊಳವೆಗೆ ಇಳಿಯುವ ಸಕ್ಕರೆ ಅಷ್ಟೇ ಹೆಚ್ಚುತ್ತದೆ, ಹೀರುವ ಶಕ್ತಿ ಅದಕ್ಕೆ ತಕ್ಕಂತೆ ಏರುವುದಿಲ್ಲ, ಇದು ಇನ್ನೊಬ್ಬಳ ಪಾಲು. ಎರಡೂ ಕೂಡಿದಾಗಲೇ ಉತ್ತರ. ಇಂಥ ಪ್ರಶ್ನೆಯೊಂದು ಮೊದಲೇ ಸಿಕ್ಕಿದರೆ ಅದನ್ನು ಚೀಟಿಯಲ್ಲೇ ಬರೆದಿಡುವುದು ಮೇಲು. ಯಾವುದಕ್ಕಾಗಿ ಓದುತ್ತಿದ್ದೇವೆಂಬುದು ಇಬ್ಬರಿಗೂ ಗೊತ್ತಿರುತ್ತದೆ.

ಪಾಠವನ್ನು ತುಂಡು ಮಾಡಿ ಹಂಚಿ ಕಲಿಸುವ ಈ ಕ್ರಮಕ್ಕೆ ಜಿಗ್ಸಾ ಎಂದು ಹೆಸರು. 1971ರಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್‌ನಲ್ಲಿ ಕರಿಯ, ಬಿಳಿಯ ಮತ್ತು ಮೆಕ್ಸಿಕನ್ ಮೂಲದ ಮಕ್ಕಳು ಮೊದಲ ಬಾರಿಗೆ ಒಂದೇ ತರಗತಿಯಲ್ಲಿ ಕೂತು, ತರಗತಿಗಳು ಜಗಳದ ಕಣವಾಗಿದ್ದಾಗ, ಮನೋವಿಜ್ಞಾನಿ ಎಲಿಯಟ್ ಆರನ್ಸನ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. ಅಲ್ಲಿ ಪ್ರತಿ ಗುಂಪಿನ ಒಬ್ಬೊಬ್ಬ ಮಗುವಿಗೂ ಪಾಠದ ಒಂದೊಂದು ತುಂಡು. ಆದರೆ ತನ್ನ ಗುಂಪಿಗೆ ಹೇಳಿಕೊಡುವ ಮೊದಲು, ಬೇರೆ ಗುಂಪುಗಳಲ್ಲಿ ಅದೇ ತುಂಡು ಸಿಕ್ಕಿದ ಮಕ್ಕಳೆಲ್ಲ ಒಟ್ಟಿಗೆ ಕೂತು ತಮ್ಮ ತಿಳಿವನ್ನು ತಾಳೆ ನೋಡುತ್ತಿದ್ದರು. ಇಬ್ಬರೇ ಓದುವಾಗ ಈ ಮೆಟ್ಟಿಲು ತಪ್ಪಿಹೋಗುತ್ತದೆ. ಒಬ್ಬಳು ತಪ್ಪು ತಿಳಿದುಕೊಂಡರೆ ಆ ತಪ್ಪು ನೇರವಾಗಿ ಇನ್ನೊಬ್ಬಳಿಗೆ ದಾಟುತ್ತದೆ, ತಡೆಯುವವರು ಯಾರೂ ಇಲ್ಲ. ಅದಕ್ಕೆ ಬದಲಾಗಿ ಪಠ್ಯಪುಸ್ತಕವನ್ನು ಇಟ್ಟುಕೊಳ್ಳಬೇಕು. ಹೇಳಿಕೊಡುವವಳು ಸ್ಲೈಡನ್ನು ಮಾತ್ರ ಓದಿ ಬರದೆ, ಪುಸ್ತಕದ ಅದೇ ಅಧ್ಯಾಯವನ್ನೂ ಓದಿ ಬರಲಿ. ಸ್ಲೈಡಿನಲ್ಲಿ ಇರುವುದು ಮೇಷ್ಟ್ರು ತಮ್ಮ ಮಾತಿಗೆ ಇಟ್ಟುಕೊಂಡ ಗುರುತು. ಕಾರಣಗಳು ಅವರ ಮಾತಿನಲ್ಲಿದ್ದವು, ಈಗ ಪುಸ್ತಕದಲ್ಲಿ ಸಿಗುತ್ತವೆ.

ಇನ್ನೊಂದು ಕೊರತೆಯನ್ನೂ ಹೇಳಬೇಕು. ಹಂಚಿಕೊಂಡು ಓದಿದವರಿಗೆ ತಮ್ಮ ತುಂಡು ಚೆನ್ನಾಗಿ ಬರುತ್ತದೆ, ಕೇಳಿ ಕಲಿತದ್ದು ಅಷ್ಟು ಬರುವುದಿಲ್ಲ. ಸೋಮವಾರ ರಾತ್ರಿಯ ಪ್ರಶ್ನೆಗಳು ಇರುವುದು ಇದಕ್ಕಾಗಿ. ಸೋಸುವಿಕೆ ಓದಿದವಳು ಮರುಹೀರಿಕೆಗೆ ಉತ್ತರಿಸಬೇಕು, ಮರುಹೀರಿಕೆ ಓದಿದವಳು ಸೋಸುವಿಕೆಗೆ. ಶನಿವಾರವೇ ಕೇಳಿಬಿಟ್ಟರೆ ಎಲ್ಲವೂ ಸರಿಯಾಗಿ ಬಂದು ಮೋಸವಾಗುತ್ತದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಕಳೆದ ಮೇಲೆ ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಅವರನ್ನು ಹಿಂದೆ ಹಾಕಿದ್ದರು. ನಡುವೆ ಎರಡು ರಾತ್ರಿ ಕಳೆದರೆ ಉಳಿದದ್ದೆಷ್ಟು, ಹೋದದ್ದೆಷ್ಟು ಎಂದು ತಿಳಿಯುತ್ತದೆ. ಬಾರದ ಪ್ರಶ್ನೆಯ ಸ್ಲೈಡನ್ನು ಆಗ ಅವಳೇ ಓದಬೇಕು. ಮತ್ತೊಮ್ಮೆ ಗೆಳತಿಯಿಂದ ಹೇಳಿಸಿಕೊಳ್ಳುವುದು ಸಾಲದು.

ಪರೀಕ್ಷೆ ನಾಳೆ ಬೆಳಿಗ್ಗೆಯೇ ಇದ್ದರೆ ಈ ಏರ್ಪಾಡು ಬೇಡ. ಹೇಳಲು, ತಿರುಗಿ ಹೇಳಿಸಲು, ಎರಡು ದಿನ ಬಿಟ್ಟು ಕೇಳಲು ಹೊತ್ತಿಲ್ಲದ ಮೇಲೆ ಹಂಚಿಕೆಯಿಂದ ಸಿಗುವುದು ಅರ್ಧ ಪಾಠವಷ್ಟೆ. ಅಂಥ ರಾತ್ರಿ ಇಬ್ಬರೂ ಮೊದಲ 20 ಸ್ಲೈಡು, ಸೋಸುವಿಕೆಯ ಲೆಕ್ಕ ಮತ್ತು ಸಕ್ಕರೆಯ ಗ್ರಾಫನ್ನು ತಾವೇ ಓದಿಕೊಂಡು, ಉಳಿದದ್ದರ ಮೇಲೆ ಕಣ್ಣಾಡಿಸಿದರೆ ಹೆಚ್ಚು ಉಪಯೋಗ.