ಕತ್ತೆಕಿರುಬ ನಗುತ್ತಿಲ್ಲ

ಟಾಂಜಾನಿಯಾದ ಗೊರೊಂಗೊರೊ ಕುಳಿಯಲ್ಲಿ ಚುಕ್ಕೆ ಕತ್ತೆಕಿರುಬಗಳು ಬೇಟೆ ಕೆಡವಿದಾಗ ಮೊದಲು ತಿನ್ನುವವರು ಯಾರು ಎಂಬುದು ಆಗಲೇ ತೀರ್ಮಾನವಾಗಿರುತ್ತದೆ. ಪಟ್ಟದ ಹೆಣ್ಣು ಬಂತೆಂದರೆ ಉಳಿದವು ಜಾಗ ಬಿಡುತ್ತವೆ. ಅದರ ಮರಿಗೂ ಅದೇ ಮರ್ಯಾದೆ. ಬೇರೆ ಗುಂಪಿನಿಂದ ಬಂದು ಸೇರಿಕೊಂಡ ಗಂಡು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅದರ ಸರದಿ ಕೊನೆಗೆ.

ಹೆಣ್ಣು ಗಂಡಿಗಿಂತ ತುಸು ದಪ್ಪ, ಹಾಗಾಗಿ ಮೈಬಲದಿಂದಲೇ ಆಳುತ್ತದೆ ಎಂದು ಅನ್ನಿಸುವುದು ಸಹಜ. ಆದರೆ ಇದೇ ಕುಳಿಯಲ್ಲಿ 1996ರಿಂದ ಈ ಪ್ರಾಣಿಗಳನ್ನು ಗಮನಿಸುತ್ತಿರುವ ಸಂಶೋಧಕರು 2018ರಲ್ಲಿ ಬೇರೆಯದೇ ಕಾರಣ ಮುಂದಿಟ್ಟರು. ಎರಡು ಕಿರುಬಗಳು ಎದುರಾದಾಗ, ನೆರವಿಗೆ ಬರಬಲ್ಲವರು ಯಾರಿಗೆ ಹೆಚ್ಚೋ ಸಾಮಾನ್ಯವಾಗಿ ಅದೇ ಗೆಲ್ಲುತ್ತದೆ. ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಉಳಿಯುವುದರಿಂದ ತಾಯಿ, ಅಕ್ಕತಂಗಿಯರು, ಮಕ್ಕಳು ಸುತ್ತ ಇರುತ್ತಾರೆ. ಹೆಚ್ಚಿನ ಗಂಡುಗಳು ಪ್ರಾಯಕ್ಕೆ ಬಂದ ಮೇಲೆ ಗುಂಪು ಬಿಡುತ್ತವೆ. ಹೋದಲ್ಲಿ ಅವುಗಳ ಪರ ನಿಲ್ಲುವ ಬಂಧುಗಳಿರುವುದಿಲ್ಲ. ಹುಟ್ಟಿದ ಗುಂಪಿನಲ್ಲೇ ಇರುವ ಪಟ್ಟದ ಹೆಣ್ಣಿನ ಮಗ ಮಾತ್ರ ತಾಯಿಯ ಬೆಂಬಲದಿಂದ ಕೆಳಗಿನ ದರ್ಜೆಯ ಹೆಣ್ಣುಗಳನ್ನೂ ಹಿಂದೆ ಸರಿಸಬಲ್ಲ. ಅಂದರೆ ಇಲ್ಲಿ ಅಧಿಕಾರ ನಿಂತಿರುವುದು ಬಳಗದ ಮೇಲೆ.

ಗುಂಪಿನ ಸದಸ್ಯರು ಸದಾ ಒಟ್ಟಿಗಿರುವುದಿಲ್ಲ, ಬಯಲಿನಲ್ಲಿ ಚದುರಿರುತ್ತಾರೆ. ದೂರದ ಬಳಗವನ್ನು ಕರೆಯಲು ಒಂದು ಕೂಗಿದೆ. ತಗ್ಗಿನಲ್ಲಿ ಶುರುವಾಗಿ ಸರ್ರನೆ ಮೇಲೇರುವ ‘ಊ...ಉಪ್’ ಅನ್ನು ಕಿರುಬ ಒಂದೇ ಸಲಕ್ಕೆ ಹಲವು ಬಾರಿ ಕೂಗುತ್ತದೆ. ಅದು ಕಿಲೋಮೀಟರುಗಟ್ಟಲೆ ದೂರ ಕೇಳಿಸುತ್ತದೆ. ಪ್ರತಿ ಕಿರುಬದ ಕೂಗಿಗೂ ಅದರದ್ದೇ ಛಾಪು ಇದೆ. ಗಾಳಿ, ಗದ್ದಲಗಳಲ್ಲಿ ಒಂದು ಕೂಗು ಕಳೆದುಹೋದರೂ ಮತ್ತೆ ಮತ್ತೆ ಕೂಗುವುದರಿಂದ ಕರೆಯುತ್ತಿರುವುದು ಯಾರೆಂದು ಗುರುತಿಸುವುದು ಸುಲಭವಾಗುತ್ತದೆ. ಸಿಂಹಗಳು ಬೇಟೆ ಕಸಿಯಲು ಬಂದಾಗ ನೆರವು ಕೂಡಿಸುವುದು ಇಂಥ ಕೂಗುಗಳೇ.

ನಾವು ನಗು ಎಂದುಕೊಂಡಿರುವ ‘ಹಿಹಿಹಿ’ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದ ಸ್ಥಿತಿಯಲ್ಲಿ ಹೊರಡುತ್ತದೆ. ಮೇಲಿನ ದರ್ಜೆಯವರು ಅಟ್ಟಿಸಿಕೊಂಡು ಬಂದಾಗ, ಕಚ್ಚಿದಾಗ, ಮಾಂಸ ಕಣ್ಣೆದುರೇ ಇದ್ದರೂ ಹತ್ತಿರ ಹೋಗಲಾಗದಾಗ ಆ ಸದ್ದು ಕೇಳುತ್ತದೆ. ಅದರಲ್ಲಿ ಹೆದರಿಕೆ ಇದೆ, ತಳಮಳ ಇದೆ. ಅಮೆರಿಕದ ಬರ್ಕ್ಲಿಯಲ್ಲಿ ಸಾಕಿದ್ದ ಕಿರುಬಗಳ ಈ ಸದ್ದನ್ನು ಧ್ವನಿಮುದ್ರಿಸಿ ವಿಶ್ಲೇಷಿಸಿದ ನಿಕೋಲಾ ಮಾತವೋಂ ಮತ್ತು ಸಂಗಡಿಗರು 2010ರಲ್ಲಿ ಅದರಲ್ಲಿ ಅಡಗಿದ್ದ ಮಾಹಿತಿಯನ್ನು ತೋರಿಸಿದರು. ಸ್ವರ ಎಷ್ಟು ಎತ್ತರದ್ದು ಎಂಬುದು ವಯಸ್ಸನ್ನು ಸೂಚಿಸುತ್ತಿತ್ತು. ಸ್ವರಗಳು ಎಷ್ಟು ಬದಲಾಗುತ್ತವೆ ಎಂಬುದು ದರ್ಜೆಯನ್ನು ಸೂಚಿಸುತ್ತಿತ್ತು. ಬೋನಿನ ಕಿರುಬಗಳಲ್ಲಿ ಕಂಡ ಈ ವ್ಯತ್ಯಾಸವನ್ನು ಬಯಲಿನ ಕಿರುಬಗಳು ಹೇಗೆ ಬಳಸಿಕೊಳ್ಳುತ್ತವೆ ಎಂಬುದು ಬೇರೆಯೇ ಪ್ರಶ್ನೆ.

ನಮ್ಮ ಕರ್ನಾಟಕದ ಕುರುಚಲು ಕಾಡುಗಳಲ್ಲಿರುವುದು ಪಟ್ಟೆ ಕತ್ತೆಕಿರುಬ. ಅದು ಹೆಚ್ಚಾಗಿ ಒಂಟಿಯಾಗಿ ಓಡಾಡುವ, ಸದ್ದು ಕಡಿಮೆ ಮಾಡುವ ಪ್ರಾಣಿ. ಹತ್ತಾರು ಮಂದಿಯ ಬಳಗವನ್ನು ಕೂಡಿಸಿಕೊಂಡು ಬದುಕುವ ಚುಕ್ಕೆ ಕಿರುಬಕ್ಕೆ ಮಾತ್ರ ಇಷ್ಟು ಬಗೆಯ ದನಿಗಳು ಬೇಕಾಗಿವೆ.